ಸೋನೆ ಮಳೆಯಲ್ಲಿ ಓಟದ ಲೆಕ್ಕ

ಆಷಾಢದ ಒಂದು ಬೆಳಿಗ್ಗೆ ತುಮಕೂರಿನ ಅಮಾನಿಕೆರೆಯ ಹತ್ತಿರ ನಾನು ಮಂಡಿಯ ಮೇಲೆ ಕೈಯೂರಿ ಏದುಸಿರು ಬಿಡುತ್ತಾ ನಿಂತಿದ್ದೆ. ಬನಿಯನ್ ಹಿಂಡಿದರೆ ನೀರು ಸುರಿಯುವಂತಿತ್ತು. ಮಳೆ ಬಂದಿರಲಿಲ್ಲ, ಅಷ್ಟೂ ಬೆವರು. ಒಂಬತ್ತನೇ ತರಗತಿಯ ಮೊಮ್ಮಗಳು ಪಕ್ಕದಲ್ಲಿ ನಿಂತು, "ತಾತ, ಫೆಬ್ರುವರಿಯಲ್ಲಿ ಇಷ್ಟೇ ದೂರಾನ ಮಾತಾಡ್ಕೊಂಡು ಓಡ್ತಿದ್ರಿ. ಈಗ ಏನಾಯ್ತು?" ಎಂದಳು.

ಅವಳ ಅಪ್ಪ ಅಮ್ಮ ಇರುವುದು ಗುಬ್ಬಿಯಲ್ಲಿ. ಓದಿಗಾಗಿ ಅವಳು ನಮ್ಮ ಮನೆಯಲ್ಲಿದ್ದಾಳೆ. ಆ ವರ್ಷ ಸೆಪ್ಟೆಂಬರಿನ ತಾಲ್ಲೂಕು ಕ್ರೀಡಾಕೂಟದಲ್ಲಿ 3000 ಮೀಟರ್ ಓಡಲೇಬೇಕೆಂದು ಹಟ ಹಿಡಿದಿದ್ದಳು. ಅರವತ್ತೆರಡರ ನಾನು ಅವಳಿಗೆ ಜೊತೆ.

ಫೆಬ್ರುವರಿಯಲ್ಲಿ ನಾನು ಆರು ಕಿಲೋಮೀಟರನ್ನು 42 ನಿಮಿಷದಲ್ಲಿ ಮುಗಿಸುತ್ತಿದ್ದೆ, ಅಂದರೆ ಕಿಲೋಮೀಟರಿಗೆ ಏಳು ನಿಮಿಷ. ನಿಂತ ತಕ್ಷಣ ಮಣಿಕಟ್ಟಿನ ನಾಡಿಯನ್ನು ಹದಿನೈದು ಸೆಕೆಂಡು ಎಣಿಸಿದರೆ 31 ಬರುತ್ತಿತ್ತು. ಜುಲೈನಲ್ಲಿ ಅದೇ ವೇಗಕ್ಕೆ 36. ನಾಲ್ಕರಿಂದ ಗುಣಿಸಿದರೆ ನಿಮಿಷಕ್ಕೆ 124 ಇದ್ದದ್ದು 144 ಆಗಿತ್ತು. ಕಾಲು ಅದೇ, ರಸ್ತೆ ಅದೇ. ಬಿಸಿಲೂ ಇರಲಿಲ್ಲ.

ಉತ್ತರ ಸಿಕ್ಕಿದ್ದು ನಮ್ಮ ಹಿತ್ತಲಲ್ಲಿ. "ಮೂರು ದಿನದಿಂದ ಬಟ್ಟೆ ಹಗ್ಗದ ಮೇಲೇ ಇದೆ, ಒಣಗ್ತಾನೇ ಇಲ್ಲ" ಎಂದು ನನ್ನ ಹೆಂಡತಿ ಗೊಣಗುತ್ತಿದ್ದಳು. ಬಟ್ಟೆಗೆ ಆಗಿದ್ದೇ ನನ್ನ ಮೈಗೂ ಆಗಿತ್ತು. ಬೆವರು ಬಂದರೆ ಸಾಲದು, ಅದು ಆವಿಯಾಗಿ ಹಾರಿದಾಗಲೇ ಮೈ ತಂಪಾಗುವುದು. ಗಾಳಿಯಲ್ಲಿ ಆಗಲೇ ತೇವ ತುಂಬಿದ್ದರೆ ಬೆವರು ಆರದೆ ತೊಟ್ಟಿಕ್ಕಿ ನೆಲಕ್ಕೆ ಬೀಳುತ್ತದೆ. ಆಗ ದೇಹ ಕಾವನ್ನು ಹೊರಹಾಕಲು ಹೆಚ್ಚು ರಕ್ತವನ್ನು ಚರ್ಮದ ಕಡೆಗೆ ಕಳಿಸುತ್ತದೆ. ಕಾಲಿನ ಸ್ನಾಯುಗಳಿಗೂ ರಕ್ತ ಬೇಕು. ಎರಡೂ ಕಡೆ ಸರಿದೂಗಿಸಲು ಹೃದಯ ಬೇಗ ಬೇಗ ಬಡಿಯಬೇಕು. ಮಳೆ ಸುರಿಯುವಾಗ ಓಡುವುದು ಅಷ್ಟು ಕಷ್ಟವಲ್ಲ, ನೀರೇ ಮೈಯನ್ನು ತಣಿಸುತ್ತದೆ. ಮಳೆ ನಿಂತು, ಗಾಳಿಯೂ ನಿಂತು, ಎಳೆ ಬಿಸಿಲು ಬಂದ ಹೊತ್ತೇ ಬಲು ಕಷ್ಟದ್ದು.

ಅಂದಿನಿಂದ ನಾನು ದೂರ ಅಳೆಯುವುದನ್ನು ಬಿಟ್ಟೆ. 42 ನಿಮಿಷ ಓಡುವುದು, ಎಷ್ಟು ದೂರ ಆಗುತ್ತದೋ ಆಗಲಿ. ವೇಗ ಹೇಳುವುದು ಬಾಯಿ, ಗಡಿಯಾರವಲ್ಲ. ಓಡುತ್ತಲೇ ಒಂದು ಪೂರ್ತಿ ವಾಕ್ಯವನ್ನು ನಡುವೆ ಉಸಿರು ಕಟ್ಟದೆ ಹೇಳಲು ಬರಬೇಕು. ಮೂರು ಪದಕ್ಕೆ ಏದುಸಿರು ಬಂದರೆ ನಿಧಾನಿಸಬೇಕು. ಮೊದಲ ದಿನ ಹೀಗೆ ಓಡಿದಾಗ ಬರೀ 5.3 ಕಿಲೋಮೀಟರ್ ಆಯಿತು, ಅಂದರೆ ಕಿಲೋಮೀಟರಿಗೆ ಹತ್ತಿರ ಹತ್ತಿರ ಎಂಟು ನಿಮಿಷ. ನನಗೆ ನಾಚಿಕೆಯಾಯಿತು. ಆದರೆ ನಾಡಿ ಎಣಿಸಿದರೆ ಮತ್ತೆ 31! ದೇಹದ ಪಾಲಿಗೆ ಅದು ಫೆಬ್ರುವರಿಯ ಓಟವೇ ಆಗಿತ್ತು. ಎರಡು ವಾರದಲ್ಲಿ ಮೈ ಸ್ವಲ್ಪ ಒಗ್ಗಿಕೊಂಡು, ಅದೇ ಉಸಿರಿಗೆ 5.6 ಕಿಲೋಮೀಟರ್ ಬಂತು. ಆರು ಕಿಲೋಮೀಟರ್ ಮಾತ್ರ ಮಳೆಗಾಲ ಮುಗಿಯುವವರೆಗೂ ಬರಲಿಲ್ಲ.

ಮೊಮ್ಮಗಳು ಇನ್ನೊಂದು ಪ್ರಶ್ನೆ ಹಾಕಿದಳು. "ತಾತ, ಬೆಳಿಗ್ಗೆ ತೇವಾಂಶ ಶೇಕಡ 95 ಅಂತ ಮೊಬೈಲಲ್ಲಿದೆ, ಮಧ್ಯಾಹ್ನ 70. ಮಧ್ಯಾಹ್ನಾನೇ ಓಡೋಣ್ವಾ?" ಶಾಲೆ ತಪ್ಪಿಸುವ ಉಪಾಯ ಎಂದುಕೊಂಡೆ, ಆದರೂ ಪ್ರಶ್ನೆ ಸರಿಯಾಗಿಯೇ ಇತ್ತು. ಈ ಶೇಕಡ ಲೆಕ್ಕ ಮೋಸ ಮಾಡುತ್ತದೆ. ಬಿಸಿ ಗಾಳಿ ದೊಡ್ಡ ಕೊಳಗ ಇದ್ದಂತೆ, ತಣ್ಣನೆ ಗಾಳಿ ಸಣ್ಣ ಚೊಂಬು. ಚೊಂಬು ತುಂಬಿದ್ದರೂ ಅದರಲ್ಲಿರುವ ನೀರು ಮುಕ್ಕಾಲು ಕೊಳಗಕ್ಕಿಂತ ಕಡಿಮೆಯೇ. 20 ಡಿಗ್ರಿಯ ಬೆಳಗಿನ ಗಾಳಿ ಶೇಕಡ 95 ಇದ್ದರೂ, 30 ಡಿಗ್ರಿಯ ಶೇಕಡ 70ರ ಗಾಳಿಗಿಂತ ಕಡಿಮೆ ತೇವ ಹೊತ್ತಿರುತ್ತದೆ. ಆದ್ದರಿಂದ ಬೆಳಗಿನ ಹೊತ್ತೇ ಸರಿ.

ಆದರೆ ಯಾವ ಬೆಳಿಗ್ಗೆ ಎಂಬುದನ್ನು ನಾನು ಬಿದ್ದು ಕಲಿತೆ. ನಮ್ಮ ಬಡಾವಣೆಯ ಉದ್ಯಾನದಲ್ಲಿ ನೆಲಕ್ಕೆ ಬಿಲ್ಲೆ ಹಾಸಿದ ದಾರಿಯಿದೆ. ಐದು ಗಂಟೆಯ ಕತ್ತಲಲ್ಲಿ, ಮರದ ನೆರಳಿನ ತಿರುವಿನಲ್ಲಿ, ಬಿಲ್ಲೆಗಳ ಮೇಲೆ ಪಾಚಿ ಕಟ್ಟಿದ್ದು ಕಾಣಲಿಲ್ಲ. ವೇಗ ತಗ್ಗಿಸದೆ ತಿರುಗಿದೆ. ಕಾಲು ಹೊರಗೆ ಜಾರಿತು, ಅಂಗೈ ಊರಿ ಬಿದ್ದೆ. ಮಣಿಕಟ್ಟು ಉಳುಕಿ ಎರಡು ವಾರ ಮನೆಯಲ್ಲಿ ಕೂತೆ. ಈ ವಯಸ್ಸಿನಲ್ಲಿ ಮೂಳೆ ಮುರಿಯದಿದ್ದುದೇ ಪುಣ್ಯ ಎಂದು ನನ್ನ ಹೆಂಡತಿ ದಿನಕ್ಕೆ ನಾಲ್ಕು ಸಲ ನೆನಪಿಸಿದಳು.

ಆಮೇಲೆ ನಾವು ಹೊರಡುವ ಹೊತ್ತು ಆರೂಕಾಲು. ನೆಲ ಕಾಣಬೇಕು, ಅಷ್ಟೇ. ಹಸಿರು ಹೊಳಪಿದ್ದರೆ ಪಾಚಿ, ಅಲ್ಲಿ ನಡಿಗೆ. ಚರಂಡಿಯ ಕಬ್ಬಿಣದ ಮುಚ್ಚಳ, ರಸ್ತೆ ದಾಟುವ ಬಿಳಿ ಪಟ್ಟೆ, ಉದುರಿದ ಎಲೆ, ಇವುಗಳ ಮೇಲೆ ಕಾಲಿಡುವುದಿಲ್ಲ. ಹಲವು ದಿನ ಒಣಗಿದ ಡಾಂಬರಿನ ಮೇಲೆ ಬೀಳುವ ಮೊದಲ ತುಂತುರನ್ನು ಕಂಡರೆ ನನಗೆ ಭಯ. ವಾಹನಗಳ ಎಣ್ಣೆ, ಧೂಳು ನೀರಿಗೆ ಬೆರೆತು ಜಿಡ್ಡಾಗುತ್ತದೆ. ಜೋರು ಮಳೆ ಬಿದ್ದು ಅದು ತೊಳೆದುಹೋದ ಮೇಲೆ ಅದೇ ರಸ್ತೆ ವಾಸಿ. ಇನ್ನು ಹೆಜ್ಜೆಯ ಮಾತು. ಉದ್ದ ಹೆಜ್ಜೆ ಹಾಕಿದರೆ ಪಾದ ಮೈಗಿಂತ ಮುಂದೆ ಬಿದ್ದು ಜಾರುತ್ತದೆ. ಗಿಡ್ಡ ಹೆಜ್ಜೆಯಲ್ಲಿ ಪಾದ ಮೈಯ ಕೆಳಗೇ ಬೀಳುತ್ತದೆ.

ನನಗೇನೋ ನಿಧಾನ ಸಾಕು, ಅವಳಿಗೆ ವೇಗವೂ ಬೇಕಲ್ಲ! ಪ್ರತಿ ಮಂಗಳವಾರ ಶಾಲೆಯ ಮೈದಾನದಲ್ಲಿ 400 ಮೀಟರನ್ನು ಆರು ಸಲ ಜೋರಾಗಿ, ನಡುನಡುವೆ ಎರಡು ನಿಮಿಷ ನಡೆದಾಡುತ್ತಾ, ಓಡಬೇಕಿತ್ತು. ಮಂಗಳವಾರ ಮಳೆ ಬಂದು ಮೈದಾನ ಕೆಸರಾದರೆ ಬುಧವಾರಕ್ಕೆ, ಇಲ್ಲವೇ ಗುರುವಾರಕ್ಕೆ ಮುಂದೂಡಿದೆವು. ಗುರುವಾರವೂ ಕೆಸರಾದರೆ ಆ ವಾರದ್ದನ್ನು ಮುಂದಿನ ವಾರಕ್ಕೆ ಸೇರಿಸಲಿಲ್ಲ. ಬದಲಿಗೆ ಏರುದಾರಿ ಹುಡುಕಿದೆವು. ಗುಬ್ಬಿಯಲ್ಲಿ ಅವಳ ಮನೆಯ ಹತ್ತಿರ ಒರಟು ಕಾಂಕ್ರೀಟಿನ ಸಣ್ಣ ಏರು ಇದೆ. ಭಾನುವಾರ ಅಲ್ಲಿ ಮೂವತ್ತು ಸೆಕೆಂಡು ಹತ್ತಿ ಓಡುವುದು, ನಡೆದು ಇಳಿಯುವುದು, ಹೀಗೆ ಎಂಟು ಸಲ. ಏರಿನಲ್ಲಿ ಎದೆಗೆ, ಕಾಲಿಗೆ ಪೂರ್ತಿ ಕೆಲಸ ಸಿಗುತ್ತದೆ, ಆದರೆ ವೇಗ ಕಡಿಮೆ ಇರುವುದರಿಂದ ಜಾರುವ ಭಯವಿಲ್ಲ. ಇಳಿಜಾರಿನಲ್ಲಿ ಮಾತ್ರ ಅವಳನ್ನು ಒಮ್ಮೆಯೂ ಓಡಲು ಬಿಡಲಿಲ್ಲ. "ತಾತ, ಇಳಿಯೋದೇ ಮಜಾ" ಎನ್ನುತ್ತಿದ್ದಳು. ನಾನು ಮಣಿಕಟ್ಟು ತೋರಿಸುತ್ತಿದ್ದೆ.

ಗೌರಿ ಹಬ್ಬಕ್ಕೆ ಕುಣಿಗಲ್ಲಿನ ನೆಂಟರ ಮನೆಗೆ ಹೋದಾಗ ಸಂಜೆ ಕೆರೆಯ ಕಡೆ ಓಡಲು ಹೊರಟೆವು. ಹಾಡಿನಲ್ಲಿ ಕೇಳಿದ ಕೆರೆಯನ್ನು ಕಣ್ಣಾರೆ ನೋಡಬೇಕೆಂದು ಅವಳಿಗೆ ಆಸೆ. ಹತ್ತು ನಿಮಿಷವಾಗಿರಲಿಲ್ಲ, ದೂರದಲ್ಲಿ ಗುಡುಗು ಕೇಳಿಸಿತು. ಅಲ್ಲೇ ಓಟ ಮುಗಿಯಿತು. ಜಾರಿದರೆ ಮೇಲೇಳಬಹುದು, ಸಿಡಿಲಿನ ಜೊತೆ ಚೌಕಾಸಿ ನಡೆಯುವುದಿಲ್ಲ. ಮರದ ಕೆಳಗೂ ನಿಲ್ಲದೆ ಹತ್ತಿರದ ಮನೆಯೊಂದರ ಒಳಗೆ ಕೂತು, ಕೊನೆಯ ಗುಡುಗು ಕೇಳಿ ಅರ್ಧ ಗಂಟೆಯಾದ ಮೇಲೆ ನಡೆದು ಬಂದೆವು. ನಮ್ಮ ಕಡೆ ಸೆಪ್ಟೆಂಬರ್, ಅಕ್ಟೋಬರಿನ ಮಳೆ ಹೀಗೆ ಸಂಜೆಗೆ ಗುಡುಗಿಕೊಂಡೇ ಬರುತ್ತದೆ. ಆಮೇಲೆ ಸಂಜೆಯ ಓಟವನ್ನೇ ಕೈಬಿಟ್ಟೆವು.

ಕ್ರೀಡಾಕೂಟದ ಹಿಂದಿನ ರಾತ್ರಿ ಮಳೆ. ಸುಣ್ಣದ ಗೆರೆಗಳು ಅರ್ಧ ಅಳಿಸಿದ್ದವು, ತಿರುವುಗಳಲ್ಲಿ ಕೆಂಪು ಕೆಸರು. ಮೊದಲ ಸುತ್ತಿನಲ್ಲಿ ಅವಳು ಎಂಟನೆಯವಳು. ನನ್ನ ನಾಡಿ ಆಗ ಎಷ್ಟಿತ್ತೋ! ತಿರುವು ಬಂದಾಗಲೆಲ್ಲ ಹೆಜ್ಜೆ ಗಿಡ್ಡ ಮಾಡುತ್ತಿದ್ದಳು, ನೇರ ದಾರಿಯಲ್ಲಿ ಬಿಡುತ್ತಿದ್ದಳು. ಮುಂದಿದ್ದ ಇಬ್ಬರು ಜಾರಿ ಬಿದ್ದು, ಎದ್ದು ಮತ್ತೆ ಓಡಿದರು. ಕೊನೆಗೆ ಇವಳು ನಾಲ್ಕನೆಯವಳಾದಳು. ಪದಕವಿಲ್ಲ. ಬಸ್ಸಿನಲ್ಲಿ ಅರ್ಧ ದಾರಿಯವರೆಗೆ ಮಾತೂ ಇಲ್ಲ.

ಮನೆಗೆ ಬಂದು ಶೂ ಬಿಚ್ಚಿ, ಒಳಗಿನ ಅಟ್ಟೆ ಹೊರತೆಗೆದು, ಹಳೆಯ ಪೇಪರನ್ನು ಉಂಡೆ ಮಾಡಿ ತುರುಕಿ ಫ್ಯಾನಿನ ಕೆಳಗಿಟ್ಟಳು. ಗಂಟೆಗೊಮ್ಮೆ ಒದ್ದೆ ಪೇಪರ್ ತೆಗೆದು ಒಣಗಿದ್ದನ್ನು ಹಾಕಿದರೆ ಮರುದಿನಕ್ಕೆ ಒಣಗುತ್ತದೆ, ಬಿಸಿಲಿಗೇ ಕಾದರೆ ಮೂರು ದಿನ ಬೇಕು. ಎರಡನೇ ಸಲ ಪೇಪರ್ ಬದಲಾಯಿಸುವಾಗ ಕೇಳಿದಳು: "ತಾತ, ಮಂಗಳವಾರ ಮೈದಾನ ಒಣಗಿರುತ್ತಾ?"