ಹನ್ನೆರಡು ನಿಮಿಷದ ತಪ್ಪು

ನನ್ನ ಬಳಿ ಓದಿದವರಿಗೆ ನನ್ನ ಎಚ್‌ಎಂಟಿ ಜನತಾ ಕೈಗಡಿಯಾರ ನೆನಪಿರಬಹುದು. ಪಾಠ ಆರಂಭಿಸುವ ಮುನ್ನ ಅದನ್ನು ಬಿಚ್ಚಿ ಮೇಜಿನ ಮೇಲಿಡುವುದು ನನ್ನ ಅಭ್ಯಾಸವಾಗಿತ್ತು. ಮೊದಲ ಸಂಬಳದಲ್ಲಿ ಕೊಂಡದ್ದು ಅದು. ಬೆಂಗಳೂರಿನಲ್ಲಿ ಜಪಾನಿನ ಸಿಟಿಜನ್ ಕಂಪನಿಯ ಸಹಯೋಗದೊಂದಿಗೆ 1961ರಲ್ಲಿ ಆರಂಭವಾದ ಆ ಕಾರ್ಖಾನೆಯ ಗಡಿಯಾರಗಳು ಆಗ ಮಲೆನಾಡಿನ ಬಹುತೇಕ ಮೇಷ್ಟ್ರುಗಳ ಕೈಯಲ್ಲಿದ್ದವು. 2016ರಲ್ಲಿ ಎಚ್‌ಎಂಟಿಯ ಗಡಿಯಾರ ವಿಭಾಗವನ್ನು ಮುಚ್ಚುವ ತೀರ್ಮಾನವಾಯಿತು. ನನ್ನದು ಮಾತ್ರ ಇಂದಿಗೂ ನಡೆಯುತ್ತಿದೆ.

ಈ ಗಡಿಯಾರದಿಂದ ನಾನೊಂದು ಅನ್ಯಾಯ ಮಾಡಿದ್ದೇನೆ. 1986ರಲ್ಲಿ ಮೂಡಿಗೆರೆ ಸೀಮೆಯ ಶಾಲೆಯೊಂದರಲ್ಲಿದ್ದೆ. ಅರ್ಧವಾರ್ಷಿಕ ಪರೀಕ್ಷೆ ಹತ್ತು ಗಂಟೆಗೆ. ಕಚೇರಿಯ ಗೋಡೆ ಗಡಿಯಾರ ಕೆಟ್ಟು ನಿಂತಿದ್ದರಿಂದ ಗಂಟೆ ಬಾರಿಸುವುದೂ ನನ್ನ ಕೈಗಡಿಯಾರ ನೋಡಿಯೇ. ಹತ್ತು ನಿಮಿಷಕ್ಕಿಂತ ತಡವಾದವರನ್ನು ಒಳಗೆ ಬಿಡಬಾರದೆಂಬ ನಿಯಮವನ್ನು ಮಾಡಿದವನೂ ನಾನೇ. ಕಳಸದ ಕಡೆಯ ಕಾಫಿ ಎಸ್ಟೇಟೊಂದರ ಲೈನ್‌ಮನೆಯಿಂದ ಬರುತ್ತಿದ್ದ ಹುಡುಗನೊಬ್ಬ ಬಾಗಿಲಲ್ಲಿ ಬಂದು ನಿಂತಾಗ ನನ್ನ ಗಡಿಯಾರ ಹತ್ತು ಗಂಟೆ ಹನ್ನೆರಡು ನಿಮಿಷ ತೋರುತ್ತಿತ್ತು. "ಸಾರ್, ಬಸ್ಸು ಸರಿಯಾಗಿಯೇ ಬಂತು" ಎಂದ. ಸುಳ್ಳು ಹೇಳಬೇಡವೆಂದು ಗದರಿಸಿ ಹೊರಗೆ ಕಳುಹಿಸಿದೆ.

ಆ ಸಂಜೆ ಭದ್ರಾವತಿ ಆಕಾಶವಾಣಿಯಲ್ಲಿ ವಾರ್ತೆಗೆ ಮುಂಚಿನ ಸಮಯಸೂಚಕ ಸದ್ದು ಕೇಳಿದಾಗ ನೋಡಿದರೆ ಗಡಿಯಾರ ಇಪ್ಪತ್ತು ನಿಮಿಷ ಮುಂದಿತ್ತು. ಹಿಂದಿನ ಸಂಜೆ ಅದೇ ಸದ್ದಿಗೆ ನಾನೇ ಸರಿಹೊಂದಿಸಿದ್ದೆ. ಇಪ್ಪತ್ತನಾಲ್ಕು ಗಂಟೆಗೆ ಇಪ್ಪತ್ತು ನಿಮಿಷವಾದರೆ, ಸಂಜೆ ಏಳೂವರೆಯಿಂದ ಬೆಳಿಗ್ಗೆ ಹತ್ತರವರೆಗಿನ ಹದಿನಾಲ್ಕೂವರೆ ಗಂಟೆಗೆ ಎಷ್ಟು? ಲೆಕ್ಕ ಹಾಕಿದೆ. ಹನ್ನೆರಡು ನಿಮಿಷ! ಹುಡುಗ ಬಂದು ನಿಂತಾಗ ನಿಜವಾದ ಹತ್ತು ಗಂಟೆಯಾಗಿತ್ತು.

ತಿಂಗಳುಗಟ್ಟಲೆ ಸರಿಯಾಗಿದ್ದ ಗಡಿಯಾರ ಒಂದೇ ದಿನದಲ್ಲಿ ಹೀಗೇಕೆ ಓಡಿತು? ಅದನ್ನು ತಿಳಿಯಲು ಅದರೊಳಗೆ ಕಾಲವನ್ನು ಅಳೆಯುವುದು ಯಾವುದೆಂದು ನೋಡಬೇಕು. ನಾವು ಕೀ ಕೊಡುವ ದೊಡ್ಡ ಸ್ಪ್ರಿಂಗ್ ಶಕ್ತಿಯನ್ನು ಮಾತ್ರ ಒದಗಿಸುತ್ತದೆ. ಕಾಲವನ್ನು ಅಳೆಯುವುದು ಬ್ಯಾಲೆನ್ಸ್ ವೀಲ್ ಎಂಬ ಪುಟ್ಟ ಚಕ್ರ ಮತ್ತು ಅದರ ಅಚ್ಚಿಗೆ ಒಂದು ತುದಿಯನ್ನು ಕೂಡಿಸಿದ ಹೇರ್‌ಸ್ಪ್ರಿಂಗ್ ಎಂಬ ಎಳೆಸುರುಳಿ. ಚಕ್ರ ಒಂದು ಕಡೆ ತಿರುಗಿದರೆ ಸುರುಳಿ ಬಿಗಿಯಾಗಿ ಅದನ್ನು ಹಿಂದಕ್ಕೆಳೆಯುತ್ತದೆ. ಚಕ್ರ ತನ್ನ ರಭಸದಲ್ಲಿ ನಡುಬಿಂದುವನ್ನು ದಾಟಿ ಇನ್ನೊಂದು ಕಡೆ ಹೋಗುತ್ತದೆ, ಸುರುಳಿ ಮತ್ತೆ ಕರೆತರುತ್ತದೆ. ಜನತಾದಲ್ಲಿ ಇಂಥ ಅರೆತೂಗಾಟಗಳು ಗಂಟೆಗೆ 18,000, ಅಂದರೆ ಸೆಕೆಂಡಿಗೆ ಐದು. ಹೋಗಿ ಬರುವ ಪೂರ್ಣ ಆಂದೋಲನಕ್ಕೆ 0.4 ಸೆಕೆಂಡು.

ಕಾಫಿ ಡಬ್ಬಿಯ ಮುಚ್ಚಳವನ್ನು ತಂತಿಯಲ್ಲಿ ತೂಗುಹಾಕಿ ತಿರುಚಿ ಬಿಡುತ್ತಿದ್ದ ನನ್ನ ಪ್ರಯೋಗ ಕೆಲವರಿಗಾದರೂ ನೆನಪಿದ್ದೀತು. ಮುಚ್ಚಳದ ನಡುವೆ ಎರಡು ನಟ್ಟುಗಳನ್ನಿಟ್ಟಾಗ ಅದು ಚುರುಕಾಗಿ ತೂಗುತ್ತಿತ್ತು. ಅವೇ ನಟ್ಟುಗಳನ್ನು ಅಂಚಿಗೆ ಸರಿಸಿದರೆ ನಿಧಾನವಾಗುತ್ತಿತ್ತು. ತೂಕ ಅಷ್ಟೇ, ಆದರೆ ಅಚ್ಚಿನಿಂದ ದೂರವಾದಂತೆ ತಿರುಗಲು ಒಲ್ಲೆನೆನ್ನುವ ಗುಣ, ಅಂದರೆ ಜಡತ್ವ ಭ್ರಾಮಕ, ಹೆಚ್ಚುತ್ತದೆ. ತಂತಿಯನ್ನು ಗಿಡ್ಡಗೊಳಿಸಿದರೆ ಮತ್ತೆ ಚುರುಕು, ಏಕೆಂದರೆ ಬಿಗಿತ ಹೆಚ್ಚಿತು. ಕೈಗಡಿಯಾರದಲ್ಲೂ ಇವೆರಡೇ:

T = 2π√(I/k)

T ಆಂದೋಲನದ ಅವಧಿ, I ಚಕ್ರದ ಜಡತ್ವ ಭ್ರಾಮಕ, k ಸುರುಳಿಯ ಬಿಗಿತ. ಈ ಸೂತ್ರದಲ್ಲಿ ಭೂಮಿಯ ಗುರುತ್ವವಿಲ್ಲವೆಂಬುದನ್ನು ಗಮನಿಸಿ. ಲೋಲಕದ ಗೋಡೆ ಗಡಿಯಾರವನ್ನು ಸಾವಿರ ಮೀಟರು ಎತ್ತರದ ಬೆಟ್ಟಕ್ಕೆ ಒಯ್ದರೆ ದಿನಕ್ಕೆ ಸುಮಾರು ಹತ್ತು ಸೆಕೆಂಡು ಹಿಂದೆ ಬೀಳುತ್ತದೆ. ಮುಳ್ಳಯ್ಯನಗಿರಿ ಹತ್ತಿದ ಕೈಗಡಿಯಾರಕ್ಕೆ ಆ ಬಾಧೆಯಿಲ್ಲ. ತೂಗಾಟದ ಅಗಲವೂ ಸೂತ್ರದಲ್ಲಿಲ್ಲ. ಆದ್ದರಿಂದ ಕೀ ಇಳಿದು ತೂಗಾಟ ಕಿರಿದಾದರೂ ಅವಧಿ ಬಹುಮಟ್ಟಿಗೆ ಅದೇ ಇರುತ್ತದೆ. ಬಹುಮಟ್ಟಿಗೆ ಎಂದೆ, ಪೂರ್ತಿಯಾಗಿ ಅಲ್ಲ.

ಸುರುಳಿಯ ಬಿಗಿತ ಅದರ ಉದ್ದಕ್ಕೆ ವಿಲೋಮವಾಗಿರುತ್ತದೆ. ಹೊರತುದಿಯ ಬಳಿ ಸುರುಳಿಯನ್ನು ನಡುವೆ ಹಿಡಿದಿರುವ ಎರಡು ಸಣ್ಣ ಪಿನ್ನುಗಳಿರುತ್ತವೆ. ಆಡುವ ಉದ್ದ ಅಲ್ಲಿಂದ ಮುಂದಿನದಷ್ಟೇ. ರೆಗ್ಯುಲೇಟರ್ ಎಂಬ ಸನ್ನೆಯನ್ನು ಸರಿಸಿದರೆ ಪಿನ್ನುಗಳು ಸರಿದು ಆ ಉದ್ದ ಬದಲಾಗುತ್ತದೆ. ವಾಚ್ ರಿಪೇರಿಯವರು ವೇಗ ತಿದ್ದುವುದು ಹೀಗೆಯೇ.

ಇದನ್ನು ಓದಿ ತಿಳಿದಿದ್ದ ನಾನು ಅದೇ ರಾತ್ರಿ ಚಾಕುವಿನಿಂದ ಹಿಂದಿನ ಮುಚ್ಚಳ ತೆಗೆದು ಸನ್ನೆಯನ್ನು 'ನಿಧಾನ'ದ ಕಡೆಗೆ ಕೊನೆಯವರೆಗೂ ತಳ್ಳಿದೆ. ಬೆಳಿಗ್ಗೆಯೂ ಅದು ಮುಂದೆಯೇ ಓಡುತ್ತಿತ್ತು. ಪೇಟೆಯ ವಾಚ್ ರಿಪೇರಿಯವರ ಬಳಿಗೆ ಹೋದೆ. ಅವರು ಭೂತಗನ್ನಡಿ ಕಣ್ಣಿಗೇರಿಸಿ ಒಂದು ಕ್ಷಣ ನೋಡಿ, "ಮೇಷ್ಟ್ರೇ, ಇದನ್ನ ಎಲ್ಲಿಟ್ಟಿದ್ರಿ?" ಎಂದು ಕೇಳಿದರು. ಬಳಿಕ ಒಂದು ಸಣ್ಣ ದಿಕ್ಸೂಚಿಯನ್ನು ಗಡಿಯಾರದ ಹತ್ತಿರ ತಂದರು. ಮುಳ್ಳು ತಿರುಗಿ ಗಡಿಯಾರದ ಕಡೆ ನೋಡಿತು!

ನನಗೆ ಆಗ ಹೊಳೆಯಿತು. ಪರೀಕ್ಷೆಯ ಹಿಂದಿನ ಮಧ್ಯಾಹ್ನ ಕಾಂತತ್ವದ ಪಾಠ ಮುಗಿಸಿ, ಗಡಿಯಾರವನ್ನು ಮೇಜಿನ ಡ್ರಾಯರಿನಲ್ಲಿ ಲಾಳಾಕಾರದ ಅಯಸ್ಕಾಂತದ ಪಕ್ಕದಲ್ಲೇ ಇಟ್ಟು ಊಟಕ್ಕೆ ಹೋಗಿದ್ದೆ.

ಅವರು ತೋರಿಸಿದರು. ಆರೋಗ್ಯವಾದ ಸುರುಳಿಯ ಸುತ್ತುಗಳ ನಡುವೆ ಸಮನಾದ ಅಂತರವಿರುತ್ತದೆ. ತೂಗುವಾಗ ಅದು ಉಸಿರಾಡುವಂತೆ ಹಿಗ್ಗಿ ಕುಗ್ಗುತ್ತದೆ. ನನ್ನದರಲ್ಲಿ ಅಯಸ್ಕಾಂತವಾಗಿ ಹೋಗಿದ್ದ ಉಕ್ಕಿನ ಎಳೆಯ ಎರಡು ಸುತ್ತುಗಳು ಒಂದಕ್ಕೊಂದು ತಾಗುತ್ತಿದ್ದವು. ತಾಗಿದಷ್ಟು ಭಾಗ ಆಟದಿಂದ ಹೊರಗುಳಿಯುತ್ತದೆ, ಸುರುಳಿ ಗಿಡ್ಡವಾದಂತಾಗುತ್ತದೆ. ಎಷ್ಟು ಗಿಡ್ಡ? ದಿನದ 1,440 ನಿಮಿಷಕ್ಕೆ ಇಪ್ಪತ್ತು ನಿಮಿಷವೆಂದರೆ ಶೇಕಡಾ 1.4ರ ವೇಗ. ವರ್ಗಮೂಲದ ಸಂಬಂಧವಿರುವುದರಿಂದ ಬಿಗಿತ ಅದರ ಇಮ್ಮಡಿ, ಶೇಕಡಾ 2.8ರಷ್ಟು ಹೆಚ್ಚಿರಬೇಕು. ಸುರುಳಿಯನ್ನು ಬಿಡಿಸಿದರೆ ಹತ್ತು ಸೆಂಟಿಮೀಟರು ಎಂದಿಟ್ಟುಕೊಂಡರೆ, ಆಟ ತಪ್ಪಿದ ಉದ್ದ ಸರಾಸರಿ ಮೂರು ಮಿಲಿಮೀಟರಿಗಿಂತ ತುಸು ಕಡಿಮೆ. ಒಂದು ಅಕ್ಕಿಕಾಳಿನಷ್ಟೂ ಇಲ್ಲ.

ದಿನಕ್ಕೆ ಒಂದೆರಡು ನಿಮಿಷದ ವ್ಯತ್ಯಾಸವಾದರೆ ಸನ್ನೆಯಿಂದ ತಿದ್ದಬಹುದು. ಒಮ್ಮಿಂದೊಮ್ಮೆಲೇ ಹತ್ತಿಪ್ಪತ್ತು ನಿಮಿಷ ಮುಂದೆ ಓಡಿದರೆ ಸನ್ನೆಗೆ ಕೈ ಹಚ್ಚಬಾರದು, ಮೊದಲು ದಿಕ್ಸೂಚಿ ಹಿಡಿದು ನೋಡಬೇಕು. ಅವರು ಪರ್ಯಾಯ ವಿದ್ಯುತ್ ಹರಿಯುವ ತಂತಿಸುರುಳಿಯೊಂದರ ನಡುವೆ ಗಡಿಯಾರವನ್ನಿಟ್ಟು, ವಿದ್ಯುತ್ ಇರುವಾಗಲೇ ಮೆಲ್ಲಗೆ ತೋಳಿನುದ್ದ ದೂರಕ್ಕೆ ಎಳೆದರು. ಸೆಕೆಂಡಿಗೆ ಐವತ್ತು ಸಲ ಹಿಂದುಮುಂದಾಗುವ ಕ್ಷೇತ್ರ ದೂರವಾದಂತೆ ಕ್ಷೀಣಿಸಿ, ಉಕ್ಕಿನಲ್ಲಿ ಕಾಂತತ್ವ ಉಳಿಯದಂತಾಗುತ್ತದೆ. ಅರ್ಧ ನಿಮಿಷದ ಕೆಲಸ. ಆದರೆ ಗಡಿಯಾರ ಈಗ ಹಿಂದೆ ಬೀಳತೊಡಗಿತು, ನಾನು ತಳ್ಳಿಟ್ಟಿದ್ದ ಸನ್ನೆಯ ಕೃಪೆಯಿಂದ. ಅದನ್ನು ಮೊದಲಿನ ಜಾಗಕ್ಕೆ ತರಲು ಅವರು ಎರಡು ದಿನ ಗಡಿಯಾರವನ್ನು ತಮ್ಮಲ್ಲೇ ಇಟ್ಟುಕೊಳ್ಳಬೇಕಾಯಿತು. ಅದಕ್ಕೆ ಮಾತ್ರ ಹಣ ತೆಗೆದುಕೊಂಡರು, ನ್ಯಾಯವೇ.

ಆ ಹುಡುಗನಿಗೆ ಬೇರೊಂದು ದಿನ ಪರೀಕ್ಷೆ ಬರೆಸಿದೆ. ಕಾರಣ ಮಾತ್ರ ಹೇಳಲಿಲ್ಲ. ಭೌತಶಾಸ್ತ್ರದ ಮೇಷ್ಟ್ರು ಗಡಿಯಾರವನ್ನು ಅಯಸ್ಕಾಂತದ ಪಕ್ಕದಲ್ಲಿಟ್ಟನೆಂದು ತರಗತಿ ನಕ್ಕೀತೆಂಬ ಅಳುಕು. ನಾನು ದೊಡ್ಡ ಮನಸ್ಸು ಮಾಡಿ ಕ್ಷಮಿಸಿದೆನೆಂದೇ ಅವನೂ, ತರಗತಿಯೂ ತಿಳಿದುಕೊಂಡರು. ಮರುವರ್ಷ ಅವನ ತಂದೆ ಬೇರೆ ತೋಟಕ್ಕೆ ಹೋದರು, ಅವನೂ ಶಾಲೆ ಬಿಟ್ಟ. ಆ ತರಗತಿಯ ಕೆಲವರು ಈ ಪುಟವನ್ನು ಓದುತ್ತೀರೆಂದು ಬಲ್ಲೆ. ಅವನ ಪರಿಚಯ ಯಾರಿಗಾದರೂ ಇದ್ದರೆ ದಯವಿಟ್ಟು ತಿಳಿಸಿ: ಅಂದು ಬಸ್ಸು ಸರಿಯಾದ ಸಮಯಕ್ಕೇ ಬಂದಿತ್ತು.