ನಂಬರ್ ಸೇವ್ ಮಾಡ್ದೆ ವಾಟ್ಸಾಪ್ ಕಳ್ಸೋದು

ಅಕ್ಕ ತಂಗೇರೆ, ಒಂದ್ಸಲ ನಿಮ್ ನಿಮ್ ಫೋನಲ್ಲಿರೋ ಹೆಸರೆಲ್ಲ ನೋಡ್ಕಂಡ್ ಬನ್ನಿ. ಮೋಟ್ರು ರಿಪೇರಿ, ಮಿಕ್ಸಿ ರಿಪೇರಿ, ಬಳೆಯವ್ನು, ಬೋರ್‌ವೆಲ್ಲವ್ನು, ಹಳೇ ಗಿರಾಕಿ... ಅರ್ಧಕ್ಕರ್ಧ ಹಿಂಗೇ ಇರ್ತವೆ. ಒಂದೇ ಒಂದಿನ ಬಂದು ಹೋದೋರು, ಆದ್ರೂ ನಮ್ ಫೋನಲ್ಲಿ ನೆಂಟರ ಪಕ್ಕದಲ್ಲೇ ಕೂತವ್ರೆ.

ಕೂತ್ರೆ ಏನಾಯ್ತದೆ ಅಂತೀರಾ? ನಾವ್ ಹಾಕೋ ಸ್ಟೇಟಸ್ಸು ಸಾಮಾನ್ಯವಾಗಿ My contacts ಅಂತ ಇರ್ತದೆ. ಅಂದ್ರೆ ನಾವು ಅವ್ರ ನಂಬರ್ ಸೇವ್ ಮಾಡಿದ್ದು, ಅವ್ರೂ ನಮ್ದನ್ನ ಸೇವ್ ಮಾಡಿದ್ರೆ, ಅವ್ರಿಗೆ ನಮ್ ಸ್ಟೇಟಸ್ ಕಾಣ್ತದೆ. ನಮ್ಮ ಬೀದೀಲೇ ಒಬ್ಬರ ಮಗಳು ಸೀರೆ ಉಟ್ಕಂಡಿರೋ ಫೋಟೋನ ಅವ್ರವ್ವ ಸ್ಟೇಟಸ್ಸಿಗೆ ಹಾಕಿದ್ರು. ಎಂದೋ ಒಂದಿನ ಮನೇಗೆ ರಿಪೇರಿಗೆ ಬಂದಿದ್ದೋನು ಅದಕ್ಕೆ 'ಚೆನ್ನಾಗವ್ಳೆ' ಅಂತ ಮೆಸೇಜು ಹಾಕ್ದ. ಆ ಹುಡ್ಗಿ ಎರಡ್ ದಿನ ಊಟ ಸರಿಯಾಗ್ ಮಾಡ್ಲಿಲ್ಲ ಕಣ್ರೀ. ಅದಾದ್ಮೇಲೆ ನಮ್ಮನೆ ಹುಡುಗ್ರು ನಂಗೆ ಈ ಉಪಾಯ ಹೇಳ್ಕೊಟ್ರು.

ವಾಟ್ಸಾಪಿನೋರೇ ಮಾಡಿರೋ ಒಂದು ವಿಳಾಸ ಅದೆ. ಅದ್ರ ಕೊನೇಲಿ ನಂಬರ್ ಬರ್ದು ಒತ್ತಿದ್ರೆ ನೇರವಾಗಿ ಅವ್ರ ಚಾಟ್ ತೆಗೀತದೆ. ಹೆಸರು ಸೇವ್ ಮಾಡೋ ಗೋಜೇ ಇಲ್ಲ.

```
https://wa.me/91XXXXXXXXXX
```

ಹತ್ತು X ಇರೋ ಜಾಗದಲ್ಲಿ ಅವ್ರ ಹತ್ತಂಕಿ ನಂಬರು ಬರೀಬೇಕು. ಎಲ್ಲಿ ಬರೀಬೇಕು ಅಂದ್ರೆ, ವಾಟ್ಸಾಪಲ್ಲಿ ಹೊಸ ಚಾಟ್ ತೆಗೆದ್ರೆ ನಮ್ ಹೆಸರೂ ಇರ್ತದೆ, ಕೆಳಗೆ Message yourself ಅಂತ. ನಮಗೆ ನಾವೇ ಚೀಟಿ ಬರ್ಕೊಳೋ ಜಾಗ ಅದು. ಅಲ್ಲಿ ಬರ್ದು ಕಳ್ಸಿದ್ರೆ ಅಕ್ಷರ ಬಣ್ಣ ತಿರುಗ್ತದೆ. ಅದ್ರ ಮೇಲೆ ಬೆರಳಿಟ್ರೆ ಸಾಕು.

ಮೊಮ್ಮಗಳ ನಾಮಕರಣಕ್ಕೆ ಶಾಮಿಯಾನದೋರಿಗೆ ನಾನು ಹಿಂಗೇ ಕಳ್ಸಿದ್ದು. 150 ಕುರ್ಚಿ, ಎರಡು ಹಂಡೆ, ಒಂದು ದೊಡ್ ಕೊಪ್ಪರಿಗೆ, ಅನ್ನ ಬಸಿಯೋ ಕುಕ್ಕೆ ಅಂತ ಚೀಟಿ ಬರ್ದು ಫೋಟೋ ಹೊಡ್ದು ಕಳ್ಸ್ದೆ. ಬಾಡಿಗೆ ಎಷ್ಟು, ಯಾವ ಹೊತ್ತಿಗೆ ತತ್ತಾರೆ, ಎಲ್ಲಾ ಅಲ್ಲೇ ಮಾತಾಯ್ತು. ಅವ್ರು ನಮ್ ನಂಬರ್ ಸೇವ್ ಮಾಡ್ಕಂಡ್ರೂ ಮಾಡ್ಕಳ್ಳಿ. ನಾವು ಅವ್ರದ್ದು ಮಾಡಿಲ್ವಲ್ಲ, ಮಗೀನ ಫೋಟೋ ಸ್ಟೇಟಸ್ಸಿಗೆ ಹಾಕಿದ್ರೆ ಅವ್ರಿಗೆ ಕಾಣಲ್ಲ.

ನಂಬರ್ ಬರೆಯೋದ್ರಲ್ಲೇ ಎಡವಟ್ಟಾಗೋದು. ಕೆಲವ್ರು ಅಂಗಡಿ ಬೋರ್ಡಲ್ಲಿ ನಂಬರಿನ ಮುಂದೆ ಸೊನ್ನೆ ಹಾಕಿರ್ತಾರೆ, ಅದನ್ನ ಬಿಟ್ಬುಡಿ. ಪ್ಲಸ್ ಗುರ್ತು, ಮಧ್ಯದಲ್ಲಿ ಅಡ್ಡಗೆರೆ, ಖಾಲಿ ಜಾಗ ಯಾವ್ದೂ ಬ್ಯಾಡ. ಆದ್ರೆ ಮುಂದಿನ 91 ಮಾತ್ರ ಮರೀಬಾರ್ದು. ಅದು ನಮ್ ದೇಶದ ಗುರ್ತು. ಅದನ್ನ ಬಿಟ್ಟು 94 ಅಂತ ಶುರುವಾಗೋ ನಂಬರ್ ಬರ್ದ್ರೆ ಅದು ಶ್ರೀಲಂಕಾದ್ದು ಅನ್ಕತ್ತದೆ, 98 ಇದ್ರೆ ಇರಾನಿನದು ಅನ್ಕತ್ತದೆ! ಹೊಳಲಿಂದ ಮಂಡ್ಯಕ್ಕೆ ಕಳ್ಸೋ ಚೀಟಿ ಇರಾನಿಗ್ಯಾಕೆ ಹೋಗ್ಬೇಕು. ಅದಕ್ಕೇ ಚಾಟ್ ತೆಗೆದ ತಕ್ಷಣ ಮೇಲ್ಗಡೆ +91 ಅಂತ ಶುರುವಾಗಿ ಸರಿಯಾದ ನಂಬರೇ ಅದಾ ಅಂತ ನೋಡ್ಕಂಡೇ ಬರೀಬೇಕು. ಈ ನಂಬರು ವಾಟ್ಸಾಪಲ್ಲಿಲ್ಲ ಅಂತ ಬಂದ್ರೆ, ಒಂದು ಅಂಕಿ ತಪ್ಪಿರ್ತದೆ, ಇಲ್ಲಾ ಅವ್ರು ವಾಟ್ಸಾಪ್ ಇಟ್ಕಂಡೇ ಇರಲ್ಲ.

ನಂಬರ್ ಪಕ್ಕ ~ ಅಂತ ಸೊಟ್ಟ ಗೆರೆ ಹಾಕಿ ಒಂದು ಹೆಸರು ಕಾಣಿಸ್ಬೋದು. ಅದು ಅವ್ರೇ ಇಟ್ಕಂಡಿರೋ ಹೆಸರು, ಯಾರ್ ಬೇಕಾದ್ರೂ ಏನ್ ಬೇಕಾದ್ರೂ ಬರ್ಕಬೋದು. ಅಡ್ವಾನ್ಸ್ ದುಡ್ಡು ಹಾಕೋಕ್ ಮುಂಚೆ ಫೋನ್ ಮಾಡಿ ದನಿ ಕೇಳ್ಕಳಿ.

ಇದ್ರಿಂದ ನಮ್ ನಂಬರೇನೂ ಮುಚ್ಚಿಟ್ಟಂಗಾಗಲ್ಲ, ಮೆಸೇಜ್ ಹೋದ್ರೆ ನಂಬರೂ ಹೋಗ್ತದೆ. ನಾವು ಡಿಪಿಗೆ ಹಾಕಿರೋ ಫೋಟೋನೂ ಕಾಣ್ಬೋದು. ಅದಕ್ಕೆ Settings ಒಳಗೆ Privacy, ಅದ್ರೊಳಗೆ Profile photo ಒತ್ತಿ ನೋಡಿ. Everyone ಅಂತಿದ್ರೆ ಊರೋರೆಲ್ಲ ನೋಡ್ಬೋದು. My contacts ಅಂತ ಮಾಡ್ಕಂಡ್ರೆ ನಾವು ಸೇವ್ ಮಾಡಿರೋರಿಗೆ ಮಾತ್ರ. ಇದನ್ನ ಮಾಡ್ದೆ ಬರೀ ಲಿಂಕ್ ಒಂದೇ ನಂಬ್ಕಂಡ್ರೆ ಮುಂದ್ಗಡೆ ಬಾಗ್ಲು ಹಾಕಿ ಹಿತ್ಲು ಬಾಗ್ಲು ತೆಗೆದಿಟ್ಟಂಗೆ.

ಇನ್ನೊಂದು ತಾಪತ್ರಯ ಅದೆ. ಹೆಸರಿಲ್ದೆ ಬರೀ ನಂಬರಿರೋದ್ರಿಂದ ತಿಂಗಳಾದ್ಮೇಲೆ ಯಾರ್ದು ಅಂತ ಗೊತ್ತಾಗಲ್ಲ. ನಾನು ಮೊದಲ್ನೇ ಮೆಸೇಜಲ್ಲೇ 'ಶಾಮಿಯಾನದೋರಾ? ನಾವು ಹೊಳಲಿನಿಂದ' ಅಂತ ಬರೀತೀನಿ, ಹುಡುಕಿದ್ರೆ ಸಿಕ್ತದೆ. ಹಂಡೆ ಕೊಪ್ಪರಿಗೆ ವಾಪಸ್ ಹೋಗಿ ದುಡ್ಡು ಚುಕ್ತ ಆದ್ಮೇಲೆ ಆ ಚಾಟ್ ಅಳಿಸಿ ಹಾಕ್ದೆ. ಮತ್ತೆ ಮತ್ತೆ ಬೇಕಾಗೋ ಹಾಲಿನೋರು, ಡಾಕ್ಟ್ರು, ಇಂಥೋರ್ದೆಲ್ಲ ಸೇವ್ ಮಾಡ್ಕಳಿ, ಅವ್ರಿಗೂ ಲಿಂಕ್ ಬರ್ಕಂಡ್ ಕೂತಿರೋಕಾಯ್ತದಾ?