ಒಂದು ರಿಪೋರ್ಟ್, ಎರಡು ಫೈಲ್

ಮಿನಿ ಪ್ರಾಜೆಕ್ಟ್ ರಿಪೋರ್ಟ್ ಕೊಡೋ ಹಿಂದಿನ ರಾತ್ರಿ. ನಿಟ್ಟೆ ಮಳೆಗೆ ಕರೆಂಟ್ ಹೋಯ್ತು, ಜೊತೆಗೆ ನೆಟ್ಟೂ ಹೋಯ್ತು. ಕ್ಲೌಡ್ ಫೋಲ್ಡರ್‌ನಲ್ಲಿದ್ದ report.docx ಅನ್ನು ನಮ್ಮಲ್ಲಿ ಇಬ್ಬರು ತಮ್ಮ ತಮ್ಮ ಲ್ಯಾಪ್‌ಟಾಪ್‌ನಲ್ಲಿ ತಿದ್ದುತ್ತಲೇ ಇದ್ದೆವು. ನೆಟ್ ಬಂದಾಗ ನೋಡಿದರೆ ಅಲ್ಲಿ ಎರಡು ಫೈಲ್! ಒಂದರ ಹೆಸರಿನ ಕೊನೆಗೆ conflicted copy ಅಂತ ಸೇರಿತ್ತು.

"ಅದು ಡೂಪ್ಲಿಕೇಟ್ ಮಾರಾಯ, ಡಿಲೀಟ್ ಮಾಡು" ಅಂದ ಒಬ್ಬ. ಪುಣ್ಯಕ್ಕೆ ಮೊದಲು ತೆರೆದು ನೋಡಿದೆವು. ರಿಸಲ್ಟ್ಸ್ ಟೇಬಲ್ ಇದ್ದದ್ದು ಅದರಲ್ಲಿ ಮಾತ್ರ.

ಆಗಿದ್ದು ಇಷ್ಟೇ. ಇಬ್ಬರೂ ಒಂದೇ ಹಳೆಯ ಆವೃತ್ತಿಯಿಂದ ಶುರು ಮಾಡಿದ್ದೆವು. ಮೊದಲನೆಯವನದ್ದು ಅಪ್‌ಲೋಡ್ ಆಗಿ ಸರ್ವರ್‌ನಲ್ಲಿ ಹೊಸ ಆವೃತ್ತಿ ಆಯ್ತು. ಎರಡನೆಯವನದ್ದು ಬಂದಾಗ ಅದರ ಮೂಲವೇ ಹಳತು. ಡಾಕ್ಸ್ ಫೈಲ್ ಒಳಗಿನಿಂದ ಜಿಪ್ ಕಟ್ಟು; ಅದನ್ನು ಬಿಚ್ಚಿ ಸಾಲು ಸಾಲಾಗಿ ಬೆರೆಸೋದು ಸಿಂಕ್ ಪ್ರೋಗ್ರಾಂನ ಕೆಲಸವಲ್ಲ. ಯಾರದ್ದನ್ನೂ ಅಳಿಸದೆ ಎರಡನ್ನೂ ಇಟ್ಟಿತು.

ಸಿಂಕ್ ಪಾಸ್ ಮಾಡಿ, ಎರಡನ್ನೂ ಡೆಸ್ಕ್‌ಟಾಪ್‌ಗೆ ಕಾಪಿ ಮಾಡಿ, ವರ್ಡ್‌ನ Review ಟ್ಯಾಬ್‌ನಲ್ಲಿ Compare ಒತ್ತಿದೆವು. ವ್ಯತ್ಯಾಸಗಳೆಲ್ಲ ಬಣ್ಣದಲ್ಲಿ ಕಂಡವು. ಬೇಕಾದ್ದನ್ನು ಒಪ್ಪಿ, ಹಳೆಯ ಹೆಸರಲ್ಲೇ ಫೋಲ್ಡರ್‌ಗೆ ಸೇವ್ ಮಾಡಿ ಸಿಂಕ್ ಮತ್ತೆ ಶುರು ಮಾಡಿದೆವು.

ಆದರೆ ಅಪ್‌ಲೋಡ್ ಅಲ್ಲೇ ನಿಂತಿತು. ನೆಟ್ ಸರಿ ಇತ್ತು, ಕ್ಲೌಡ್‌ನಲ್ಲಿ ಜಾಗವೂ ಇತ್ತು. ಹಿಡನ್ ಫೈಲ್ ತೋರಿಸಿದಾಗ ~$report.docx ಸಿಕ್ಕಿತು: ವರ್ಡ್ ಇನ್ನೂ ಫೈಲನ್ನು ಹಿಡಿದುಕೊಂಡಿದೆ ಅನ್ನೋ ಗುರುತು. ವರ್ಡ್ ಮುಚ್ಚಿದೆವು, ಅಪ್‌ಲೋಡ್ ಹೊರಟಿತು. ಕಾಪಿ ಫೈಲನ್ನು ಡಿಲೀಟ್ ಮಾಡಿದ್ದು ಮಾತ್ರ ಮಾರ್ಕ್ಸ್ ಬಂದ ಮೇಲೆ.